ಓಟದ ದಿನ ಕಾಣದ ಹುಡುಗಿ

ಇಲ್ಲಿನ ಶಾಲೆಗಳಿಂದ ಮನೆಗೆ ಬರುವ ಕಾಗದಗಳಲ್ಲಿ ತಂದೆ ತಾಯಿಯರನ್ನು ಅತಿ ಹೆಚ್ಚು ಹೆದರಿಸುವುದು ಯಾವುದೆಂದು ಕೇಳಿದರೆ, 'ಟ್ರೂಯೆನ್ಸಿ ಲೆಟರ್' ಎಂದು ಯೋಚಿಸದೆ ಹೇಳಬಲ್ಲೆ. ನಾನು ಕೆಲಸ ಮಾಡುವುದು ಆ ಕಾಗದ ಹೊರಡುವ ಕೋಣೆಯಲ್ಲೇ. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ದಕ್ಷಿಣ ತುದಿಯಲ್ಲಿರುವ ಒಂದು ಸರ್ಕಾರಿ ಹೈಸ್ಕೂಲಿನ ಹಾಜರಿ ವಿಭಾಗ ಅದು. ಶಾಲೆಯ ಹೆಸರು ಬೇಡ. ಮುಂದೆ ಬರುವ ಹುಡುಗಿಯ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಅವಳ ತಾಯಿಯ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ಕ್ಯಾಲಿಫೋರ್ನಿಯಾದ ಕಾನೂನಿನಲ್ಲಿ 'ಟ್ರೂಯೆಂಟ್' ಎನಿಸಿಕೊಳ್ಳುವುದು ನಮ್ಮವರು ಎಣಿಸಿದ್ದಕ್ಕಿಂತ ಬಹಳ ಸುಲಭ. ಒಂದು ಶಾಲಾ ವರ್ಷದಲ್ಲಿ ಮೂರು ಪೂರ್ತಿ ದಿನ ಸಕಾರಣವಿಲ್ಲದೆ ತಪ್ಪಿಸಿಕೊಂಡರೆ ಆಯಿತು. ಅಥವಾ ಶಾಲೆಯ ವೇಳೆಯಲ್ಲಿ ಮೂವತ್ತು ನಿಮಿಷಕ್ಕಿಂತ ಹೆಚ್ಚು ಕಾಲ ಮೂರು ಸಲ ತರಗತಿಯಲ್ಲಿ ಇಲ್ಲದಿದ್ದರೂ ಆಯಿತು. ಅಂದರೆ ಮಗು ಬೆಳಿಗ್ಗೆ ಶಾಲೆಗೆ ಬಂದು, ಗಣಿತ ವಿಜ್ಞಾನ ಎಲ್ಲ ಮುಗಿಸಿ, ಪಿ.ಇ. ಒಂದಕ್ಕೆ ಮಾತ್ರ ಮೂರು ಸಲ ಹೋಗದೆ ಇದ್ದರೂ ಸಾಕು. ಕಂಪ್ಯೂಟರು ಮೂರು ಎಣಿಸಿದ ಕೂಡಲೇ ಕಾಗದವನ್ನು ತಾನೇ ಸಿದ್ಧಮಾಡುತ್ತದೆ. ಅದರಲ್ಲಿ ಕಾನೂನಿನ ಸೆಕ್ಷನ್ ನಂಬರಿರುತ್ತದೆ, ಮಗುವನ್ನು ಶಾಲೆಗೆ ಕಳಿಸುವುದು ನಿಮ್ಮ ಹೊಣೆ ಎಂದಿರುತ್ತದೆ, ಕಳಿಸದಿದ್ದರೆ ನಿಮ್ಮ ಮೇಲೆ ಕ್ರಮ ಜರುಗಬಹುದು ಎಂದೂ ಆಗ ಇರುತ್ತಿತ್ತು. ಇವನ್ನೆಲ್ಲ ಹೇಳಲೇಬೇಕೆಂದು ಕಾನೂನೇ ಪಟ್ಟಿ ಮಾಡಿಕೊಟ್ಟಿತ್ತು, ಬರೆದವರ ಕಠಿಣತೆಯಲ್ಲ. ಆದರೆ ಎಚ್-ಒನ್-ಬಿ ವೀಸಾದ ಮೇಲೆ ಇರುವ ಮನೆಯೊಂದರಲ್ಲಿ ಆ ಸಾಲುಗಳು ಹೇಗೆ ಓದಿಸಿಕೊಳ್ಳುತ್ತವೆ ಎಂಬುದನ್ನು ಪಟ್ಟಿ ಮಾಡಿದವರು ಕಂಡಿರಲಾರರು.

ನಮ್ಮ ಮಕ್ಕಳ ಮಟ್ಟಿಗೆ ಆ ಮೂರು ಗೈರು ಹೆಚ್ಚಾಗಿ ಬೀಳುವುದು ಪಿ.ಇ.ಯಲ್ಲೇ. ಗಣಿತ ತಪ್ಪಿಸುವ ಕನ್ನಡದ ಮಗುವನ್ನು ನಾನು ಇನ್ನೂ ನೋಡಿಲ್ಲ. ಅದಕ್ಕೆ ಕಾರಣವನ್ನು ದೂರ ಹುಡುಕಬೇಕಿಲ್ಲ. ನಾವು ಓದಿದ ಶಾಲೆಗಳಲ್ಲಿ ಡ್ರಿಲ್ ಪೀರಿಯಡ್ ಎಂದರೆ ಪೋರ್ಷನ್ ಮುಗಿಯದ ಗಣಿತದ ಮೇಷ್ಟ್ರು ಪಿ.ಟಿ. ಮೇಷ್ಟ್ರಿಂದ ಕಡ ತೆಗೆದುಕೊಳ್ಳುವ ಪೀರಿಯಡ್. ತೆಗೆದುಕೊಂಡದ್ದನ್ನು ಹಿಂದಿರುಗಿಸಿದ್ದು ಯಾರಿಗೂ ನೆನಪಿಲ್ಲ. ಇಲ್ಲಿ ಹಾಗಿಲ್ಲ. ಏಳನೆಯ ತರಗತಿಯಿಂದ ಮುಂದಕ್ಕೆ ಪ್ರತಿ ಹತ್ತು ಶಾಲಾ ದಿನಕ್ಕೆ 400 ನಿಮಿಷ ವ್ಯಾಯಾಮ ಶಿಕ್ಷಣ ನಡೆಯಬೇಕೆಂಬುದು ರಾಜ್ಯದ ಕಾನೂನು. ಹೈಸ್ಕೂಲು ಮುಗಿಸಲು ಎರಡು ವರ್ಷದ ಪಿ.ಇ. ಬೇಕು. ಅದಕ್ಕೆ ಗ್ರೇಡ್ ಇದೆ, ಆ ಗ್ರೇಡ್ ಮಾರ್ಕ್ಸ್ ಕಾರ್ಡಿನಲ್ಲಿ ಕೆಮಿಸ್ಟ್ರಿಯ ಪಕ್ಕದಲ್ಲೇ ಕೂರುತ್ತದೆ. ನಮ್ಮ ಶಾಲೆಯಲ್ಲಿ ದಿನ ಬಿಟ್ಟು ದಿನ ತೊಂಬತ್ತು ನಿಮಿಷದ ಪೀರಿಯಡ್. ಹತ್ತು ದಿನಕ್ಕೆ ಐದು ಪೀರಿಯಡ್, 450 ನಿಮಿಷ. ಒಂದು ತಪ್ಪಿದರೆ 360ಕ್ಕೆ ಇಳಿಯಿತು. 'ಒಂದು ಪಿ.ಇ. ಪೀರಿಯಡ್ ತಾನೇ' ಎಂದು ಫೋನಿನಲ್ಲಿ ಹೇಳುವ ತಂದೆಯರಿಗೆ ನಾನು ಈ ಲೆಕ್ಕ ಹೇಳುತ್ತೇನೆ. ನಮ್ಮವರಿಗೆ ಲೆಕ್ಕ ಬೇಗ ಅರ್ಥವಾಗುತ್ತದೆ.

ಒಂದು ಅಕ್ಟೋಬರಿನಲ್ಲಿ ನಮ್ಮ ಪಿ.ಇ. ಮೇಷ್ಟ್ರೊಬ್ಬರು ಹಾಜರಿ ಕೋಣೆಗೆ ಬಂದರು. ಕುಸ್ತಿಯ ಕೋಚ್ ಕೂಡ ಆಗಿರುವ ದೊಡ್ಡ ಆಳು, ಮಾತು ಕಡಿಮೆ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ತರಗತಿಗೆ ಸರಿಯಾಗಿ ಬರುತ್ತಿಲ್ಲ, ಮನೆಗೆ ಒಂದು ಕಾಗದ ಬರೆಯಬೇಕು, ಕಂಪ್ಯೂಟರಿನ ಕಾಗದವಲ್ಲ, ಬೇರೆಯದು, ಎಂದರು. ತಂದೆ ಕಾಂಟ್ರಾಕ್ಟ್ ಕೆಲಸದ ಮೇಲೆ ಡಲ್ಲಾಸ್‌ನಲ್ಲಿ ಇರುತ್ತಾರೆ. ಮನೆಯಲ್ಲಿ ತಾಯಿ, ಹುಡುಗಿ, ಒಬ್ಬ ಚಿಕ್ಕ ಮಗ. ತಾಯಿ ಹಾಸನದ ಕಡೆಯವರು, ಓದಿದ್ದು ಕನ್ನಡ ಮಾಧ್ಯಮದಲ್ಲಿ. ಇಂಗ್ಲಿಷ್ ಓದುತ್ತಾರೆ, ಆದರೆ ಶಾಲೆಯ ಇಂಗ್ಲಿಷ್ ಬಂದರೆ ಗಂಡನಿಗೆ ಫಾರ್ವರ್ಡ್ ಮಾಡಿ ಕೂರುತ್ತಾರೆ.

ಇಂಥ ಮನೆಗೆ ಕನ್ನಡದಲ್ಲಿ ಕಾಗದ ತಾನಾಗಿ ಹೋಗುವುದಿಲ್ಲ. ಒಂದು ಶಾಲೆಯ ಮಕ್ಕಳಲ್ಲಿ ಶೇಕಡಾ 15 ಅಥವಾ ಹೆಚ್ಚಿನವರ ಮನೆಮಾತು ಒಂದೇ ಆಗಿದ್ದರೆ ಮಾತ್ರ ಆ ಭಾಷೆಯಲ್ಲೂ ನೋಟಿಸು ಕಳಿಸಲೇಬೇಕು ಎಂದು ಇಲ್ಲಿನ ನಿಯಮ. ಸ್ಪ್ಯಾನಿಷ್ ಆ ಗೆರೆ ದಾಟುತ್ತದೆ, ಕೆಲವು ಕಡೆ ಚೀನಿಯೂ ದಾಟುತ್ತದೆ. ಇಷ್ಟೊಂದು ಕನ್ನಡಿಗರಿರುವ ಈ ಊರುಗಳಲ್ಲೂ ನಾವು ಒಂದೇ ಶಾಲೆಯಲ್ಲಿ ನೂರಕ್ಕೆ ಹದಿನೈದು ಆದದ್ದನ್ನು ನಾನು ಕಂಡಿಲ್ಲ. ಹಾಗಾಗಿ ಕನ್ನಡದ ಕಾಗದವೆಂದರೆ ನನ್ನಂಥವರು ಊಟದ ವೇಳೆಯಲ್ಲಿ ಬರೆಯುವ ಕಾಗದ.

ಬರೆಯುವ ಮೊದಲು ಹುಡುಗಿಯ ಹಾಜರಿಯನ್ನು ತೆಗೆದು ನೋಡಿದೆ. ಎಷ್ಟು ಗೈರು ಎಂಬುದರಿಂದ ಏನೂ ತಿಳಿಯುವುದಿಲ್ಲ, ಯಾವ ದಿನ ಎಂಬುದರಿಂದ ಬಹಳ ತಿಳಿಯುತ್ತದೆ. ಶಾಲೆ ಶುರುವಾದ ಆಗಸ್ಟ್ ಮಧ್ಯದಿಂದ ಆವರೆಗೆ ಅವಳಿಗೆ 21 ಪಿ.ಇ. ಪೀರಿಯಡ್‌ಗಳಿದ್ದವು, 7ರಲ್ಲಿ ಅವಳಿಲ್ಲ. ಒಂದಕ್ಕೆ ಹಲ್ಲಿನ ಡಾಕ್ಟರ ಚೀಟಿ ಇತ್ತು. ಉಳಿದ ಆರು ದಿನಾಂಕಗಳನ್ನು ಒಂದು ಹಾಳೆಯಲ್ಲಿ ಬರೆದು ಮೇಷ್ಟ್ರ ಪಾಠದ ಕ್ಯಾಲೆಂಡರಿನ ಪಕ್ಕ ಇಟ್ಟೆವು. ತಿಂಗಳಿಗೊಮ್ಮೆ ಬೀಳುವ ಗೈರಾದರೆ ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಊಹೆ ಬರುತ್ತದೆ. ಈಜಿನ ವಾರಗಳಲ್ಲಿ ಬಿದ್ದರೆ ಈಜುಡುಗೆಯ ಸಂಕೋಚ ಇರಬಹುದು. ಎಲ್ಲ ದಿನವೂ ಮೊದಲ ಹತ್ತು ನಿಮಿಷ ಮಾತ್ರ ತಪ್ಪುತ್ತಿದ್ದರೆ ಲಾಕರ್ ರೂಮಿನಲ್ಲಿ ಎಲ್ಲರೆದುರು ಬಟ್ಟೆ ಬದಲಿಸುವುದೇ ಕಷ್ಟವಾಗಿರುತ್ತದೆ, ಇಲ್ಲವೇ ಅಲ್ಲಿ ಯಾರೋ ಕಾಡುತ್ತಿರುತ್ತಾರೆ. ಈ ಹುಡುಗಿಯದು ಇವು ಯಾವುವೂ ಅಲ್ಲ. ವಾಲಿಬಾಲ್‌ಗೆ ಬಂದಿದ್ದಳು, ಬಟ್ಟೆ ಬದಲಿಸಿದ್ದಳು, ಯೋಗಕ್ಕೆ ಬಂದಿದ್ದಳು. ಆರಕ್ಕೆ ಆರೂ ಗೈರು ಬಿದ್ದದ್ದು ಒಂದು ಮೈಲಿ ಓಟದ ದಿನಗಳಲ್ಲಿ.

ನಾನೂರು ಮೀಟರಿನ ಟ್ರ್ಯಾಕಿನಲ್ಲಿ ನಾಲ್ಕು ಸುತ್ತು, ಮೇಲೆ ಒಂಬತ್ತು ಮೀಟರ್. ಅಲ್ಲಿಯವರೆಗೆ ಎಂಟು ಸಲ ಓಡಿಸಿದ್ದರು. ಮೊದಲ ಎರಡು ಸಲ ಅವಳು ಓಡಿದ್ದಳು. ಮೇಷ್ಟ್ರ ಪುಸ್ತಕದಲ್ಲಿ ಮೊದಲನೆಯದಕ್ಕೆ 13 ನಿಮಿಷ 40 ಸೆಕೆಂಡು, ಎರಡನೆಯದಕ್ಕೆ 16 ನಿಮಿಷ 10 ಸೆಕೆಂಡು ಎಂದಿತ್ತು. ಎರಡನೆಯದರ ಎದುರು ಪೆನ್ಸಿಲಿನಲ್ಲಿ 'ಕೊನೆಯ ಸುತ್ತು ನಡೆದಳು, ಕೆಮ್ಮು' ಎಂದು ಗೀಚಿದ್ದರು. ಅಭ್ಯಾಸವಾದಂತೆ ಎಲ್ಲರ ಸಮಯ ಇಳಿಯುತ್ತದೆ, ಇವಳದು ಏರಿತ್ತು. ಆ ಕೆಮ್ಮಿನ ಬಗ್ಗೆ ಕೇಳಿದೆ. ಅವರು ಕೊಟ್ಟ ಉತ್ತರ ನನಗೆ ಹೊಸದು. ಅಭ್ಯಾಸವಿಲ್ಲದ ಮಗು ಓಡುವಾಗ ಏದುಸಿರು ಬಿಡುತ್ತದೆ, ನಿಂತ ಮೇಲೆ ನಾಲ್ಕೈದು ನಿಮಿಷದಲ್ಲಿ ಸರಿಹೋಗುತ್ತದೆ. ಈ ಹುಡುಗಿಗೆ ನಿಂತ ಮೇಲೆ ಹೆಚ್ಚಾಯಿತು. ಮೆಟ್ಟಿಲ ಮೇಲೆ ಕೂತು ಹತ್ತು ನಿಮಿಷ ಕೆಮ್ಮಿದಳು, ಭುಜ ಮೇಲೆತ್ತಿ ಉಸಿರೆಳೆಯುತ್ತಿದ್ದಳು, ಕೇಳಿದರೆ 'ಐ ಆಮ್ ಫೈನ್' ಎಂದಳು. ಮುಂದಿನ ವಾರದಿಂದ ಓಟದ ದಿನ ಕಾಣಲಿಲ್ಲ.

ಕಾಣದೆ ಎಲ್ಲಿದ್ದಳು? ಶಾಲೆಯ ಲೈಬ್ರರಿಯಲ್ಲಿ. ಅಲ್ಲಿನ ಪುಸ್ತಕದಲ್ಲಿ ಆರು ದಿನವೂ ತನ್ನದೇ ಹೆಸರನ್ನು, ಸಮಯದ ಸಮೇತ, ಮುದ್ದಾಗಿ ಬರೆದಿದ್ದಳು. ಕದ್ದು ಓಡುವ ಮಗು ಹಾಗೆ ಸಹಿ ಮಾಡಿ ಕೂರುವುದಿಲ್ಲ.

ಈಗ ಕಾಗದ. ಕನ್ನಡದಲ್ಲಿ ಇದನ್ನು ಬರೆಯಹೋದರೆ ಮೊದಲ ತೊಡಕು ಕ್ರಿಯಾಪದದ್ದೇ. 'ಚಕ್ಕರ್ ಹೊಡೆಯುತ್ತಾಳೆ' ಎಂದರೆ ಸಿನಿಮಾ ನೋಡಲು ಹೋದಂತೆ. 'ತಪ್ಪಿಸಿಕೊಳ್ಳುತ್ತಿದ್ದಾಳೆ' ಎಂದರೆ ಅಪರಾಧಿಯನ್ನು ಅಟ್ಟಿಸಿಕೊಂಡು ಹೋದಂತೆ. 'ಗೈರುಹಾಜರಾಗಿರುತ್ತಾಳೆ' ಎಂದರೆ ತಹಸೀಲ್ದಾರರ ಕಚೇರಿ ವಾಸನೆ. ಕೊನೆಗೆ 'ಬಂದಿಲ್ಲ' ಎಂಬ ಬಡ ಮಾತೇ ಸರಿಯೆನಿಸಿತು. ಎರಡನೆಯದು, ಕಾರಣದ ಊಹೆಯನ್ನು ಬರೆಯಬಾರದು. ಮೇಷ್ಟ್ರು ಡಾಕ್ಟರಲ್ಲ, ನಾನಂತೂ ಅಲ್ಲ. ಕಾಗದದಲ್ಲಿ ಕಾಯಿಲೆಯ ಹೆಸರು ಹಾಕಿದರೆ ತಾಯಿ ಒಂದೋ ಗಾಬರಿಯಾಗುತ್ತಾರೆ, ಇಲ್ಲವೇ ಇಲ್ಲ ಎಂದುಬಿಡುತ್ತಾರೆ. ಇಲ್ಲ ಎಂದು ಒಮ್ಮೆ ಹೇಳಿದ ಮೇಲೆ ಹೌದು ಎನ್ನುವುದು ಯಾರಿಗೂ ಕಷ್ಟ. ಕಂಡದ್ದನ್ನು ಮಾತ್ರ ಬರೆದು, ಉತ್ತರಕ್ಕೆ ಜಾಗ ಬಿಡಬೇಕು. ಮೂರನೆಯದು ಮೇಷ್ಟ್ರೇ ಹೇಳಿದ್ದು. ಹುಡುಗಿ ಚೆನ್ನಾಗಿ ಮಾಡುವುದೂ ಕಾಗದದಲ್ಲಿರಬೇಕು, ಆದರೆ ಅದು ಸುಳ್ಳು ಹೊಗಳಿಕೆ ಆಗಬಾರದು. ಅವರು ಹೇಳಿದ್ದನ್ನು ಕನ್ನಡಕ್ಕೆ ಇಳಿಸಿ, ಪ್ರತಿ ವಾಕ್ಯವನ್ನೂ ಇಂಗ್ಲಿಷಿನಲ್ಲಿ ಮತ್ತೆ ಅವರಿಗೆ ಹೇಳಿ ಒಪ್ಪಿಸಿದೆ. ಎರಡೂ ಪ್ರತಿಗೆ ಅವರೇ ಸಹಿ ಹಾಕಿದರು. ಕಾಗದ ಹೀಗಿತ್ತು:

'ತಾಯಿಯವರಿಗೆ ನಮಸ್ಕಾರ.

ನಾನು ನಿಮ್ಮ ಮಗಳ ಪಿ.ಇ. ಮೇಷ್ಟ್ರು. ಶಾಲೆಯ ಕಂಪ್ಯೂಟರಿನಿಂದ ನಿಮಗೆ ಇಂಗ್ಲಿಷಿನಲ್ಲಿ ಒಂದು ನೋಟಿಸು ಬಂದಿರಬಹುದು ಅಥವಾ ಬರಬಹುದು. ಮೂರು ಸಲ ತರಗತಿ ತಪ್ಪಿದ ಎಲ್ಲ ಮಕ್ಕಳ ಮನೆಗೂ ಅದು ಹೋಗುತ್ತದೆ. ಅದನ್ನು ನೋಡಿ ಹೆದರಬೇಡಿ. ಈ ಕಾಗದ ಬೇರೆ, ಇದನ್ನು ನಾನು ನಿಮ್ಮ ಮಗಳನ್ನು ಬಲ್ಲವನಾಗಿ ಬರೆಯುತ್ತಿದ್ದೇನೆ.

ಅವಳು ವಾಲಿಬಾಲ್ ಚೆನ್ನಾಗಿ ಆಡುತ್ತಾಳೆ, ಅದರಲ್ಲೂ ಸರ್ವ್ ಮಾಡುವುದು. ಆಟ ಮುಗಿದ ಮೇಲೆ ಯಾರೂ ಹೇಳದೆ ನೆಟ್ ಬಿಚ್ಚಿ ಮಡಿಸುತ್ತಾಳೆ. ಆದರೆ ಒಂದು ಮೈಲಿ ಓಟ ಇರುವ ದಿನ ಆರು ಸಲ ತರಗತಿಗೆ ಬಂದಿಲ್ಲ. ಆ ಹೊತ್ತಿನಲ್ಲಿ ಶಾಲೆಯ ಲೈಬ್ರರಿಯಲ್ಲಿಯೇ ಇದ್ದಳು, ಹೊರಗೆ ಹೋಗಿಲ್ಲ. ಉಳಿದ ದಿನಗಳಲ್ಲಿ ಬಂದಿದ್ದಾಳೆ.

ಅವಳು ಎರಡು ಸಲ ಓಡಿದಾಗ ನಾನು ಕಂಡದ್ದು ಇಷ್ಟು. ಓಟ ನಿಂತ ಮೇಲೆ ಸುಮಾರು ಹತ್ತು ನಿಮಿಷ ಕೆಮ್ಮಿದಳು, ಉಸಿರಾಡಲು ಕಷ್ಟಪಟ್ಟಳು. ಚೆನ್ನಾಗಿದ್ದೇನೆ ಎಂದು ನನಗೆ ಹೇಳಿದಳು. ಮನೆಯಲ್ಲಿ ಹೀಗೆ ಆಗುವುದನ್ನು ನೀವು ನೋಡಿದ್ದೀರಾ? ಓಟದ ಬಗ್ಗೆ ಅವಳು ನಿಮ್ಮ ಹತ್ತಿರ ಏನಾದರೂ ಹೇಳಿದ್ದಾಳಾ? ನಿಮಗೆ ಗೊತ್ತಿರುವುದು ನನಗೆ ಗೊತ್ತಾದರೆ ಪಾಠವನ್ನು ಅವಳಿಗೆ ಹೊಂದುವಂತೆ ಬದಲಿಸಬಲ್ಲೆ. ಓಟದ ಬದಲು ನಡೆಯುವುದಕ್ಕೂ, ತಪ್ಪಿದ ಪಾಠವನ್ನು ಮತ್ತೆ ಮಾಡಿ ಗ್ರೇಡ್ ಸರಿಮಾಡಿಕೊಳ್ಳುವುದಕ್ಕೂ ದಾರಿ ಇದೆ.

ದಯವಿಟ್ಟು ಇದಕ್ಕಾಗಿ ಅವಳನ್ನು ಬೈಯಬೇಡಿ. ಗುರುವಾರ ಅಥವಾ ಶುಕ್ರವಾರ ಮೂರೂವರೆಗೆ ಬರಲು ಆಗುತ್ತದೆಯೆ? ಕನ್ನಡ ಮಾತಾಡುವವರು ನನ್ನ ಜೊತೆ ಇರುತ್ತಾರೆ.'

ಬೈಯಬೇಡಿ ಎಂದು ಬರೆಯುವುದು ಶಾಲೆಯವರ ಅಧಿಕಾರವೇ ಎಂದು ನನಗೆ ಅನುಮಾನವಿತ್ತು. ಮೇಷ್ಟ್ರು ಬಿಡಲಿಲ್ಲ.

ಅಷ್ಟರಲ್ಲಿ ಕಂಪ್ಯೂಟರಿನ ನೋಟಿಸು ಮೊದಲೇ ಹೋಗಿಯಾಗಿತ್ತು, ಡಲ್ಲಾಸಿಗೆ, ತಂದೆಯ ಇ-ಮೇಲಿಗೆ. ತಾಯಿ ಗುರುವಾರವೇ ಬಂದರು. ಮೇಷ್ಟ್ರಿಗೆ ಕೈಮುಗಿದು ಕೂತವರು ನನ್ನ ಕಡೆ ತಿರುಗಿ ಮೊದಲು ಕೇಳಿದ್ದು, 'ಅಕ್ಕಾ, ಇದರಿಂದ ಇವರ ವೀಸಾಕ್ಕೆ ತೊಂದರೆ ಆಗುತ್ತಾ?' ಎಂದು. ಗಂಡ ಫೋನಿನಲ್ಲಿ ಕೂಗಾಡಿದ್ದರು. ಮಗಳನ್ನು ಡಿಸೆಂಬರಿನಲ್ಲಿ ಊರಿಗೆ, ಅಜ್ಜಿಯ ಮನೆಗೆ, ಕಳಿಸಿಬಿಡುತ್ತೇನೆ ಎಂದಿದ್ದರು. ತಂದೆ ತಾಯಿಯರನ್ನು ಜೈಲಿಗೆ ಹಾಕುತ್ತಾರಂತೆ ಎಂದು ಯಾರೋ ವಾಟ್ಸಾಪಿನಲ್ಲಿ ಹೇಳಿದ್ದರಂತೆ. ಆ ಮಾತಿಗೂ ಒಂದು ಬುಡವಿದೆ. ಕಮಲಾ ಹ್ಯಾರಿಸ್ ಸ್ಯಾನ್ ಫ್ರಾನ್ಸಿಸ್ಕೋದ ಡಿಸ್ಟ್ರಿಕ್ಟ್ ಅಟಾರ್ನಿಯಾಗಿದ್ದಾಗ ಮಕ್ಕಳ ಗೈರುಹಾಜರಿಯ ವಿರುದ್ಧ ದೊಡ್ಡ ಅಭಿಯಾನ ನಡೆಸಿದ್ದರು. ಅವರ ಬೆಂಬಲದಿಂದ 2010ರಲ್ಲಿ ಬಂದ ರಾಜ್ಯದ ಕಾನೂನು ಪೋಷಕರಿಗೆ ಶಿಕ್ಷೆಯ ಮಾತನ್ನೂ ಆಡಿತ್ತು. ಆದರೆ ಅದು ಎಂಟನೆಯ ತರಗತಿಯವರೆಗಿನ ಮಕ್ಕಳ ಬಗ್ಗೆ, ವರ್ಷದ ಹತ್ತನೆಯ ಒಂದು ಭಾಗ ಅಥವಾ ಅದಕ್ಕೂ ಹೆಚ್ಚು ದಿನ ಸಕಾರಣವಿಲ್ಲದೆ ಶಾಲೆಗೇ ಬಾರದವರ ಬಗ್ಗೆ. ಒಂಬತ್ತನೆಯ ತರಗತಿಯ, ಲೈಬ್ರರಿಯಲ್ಲಿ ಕೂತಿದ್ದ ಹುಡುಗಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಹೇಳಿದೆ. ಹಾಜರಿಯ ಕಾಗದ ವೀಸಾ ಕಚೇರಿಗೆ ಹೋಗುವ ಕಾಗದವಲ್ಲ ಎಂದೂ ಹೇಳಿದೆ. ಅವರು ಕೈಚೀಲವನ್ನು ತೊಡೆಯಿಂದ ಕೆಳಗಿಟ್ಟರು.

ಆಮೇಲೆ ಮೇಷ್ಟ್ರು ಕಾಗದದಲ್ಲಿದ್ದ ಪ್ರಶ್ನೆಯನ್ನೇ ಮತ್ತೆ ಕೇಳಿದರು. ತಾಯಿ ಬಹಳ ಹೊತ್ತು ಸುಮ್ಮನಿದ್ದರು. 'ಚಿಕ್ಕವಳಿದ್ದಾಗ ಉಬ್ಬಸ ಇತ್ತು' ಎಂದರು. ಧನುರ್ಮಾಸದ ಚಳಿ ಬಂದರೆ ನೆಬ್ಯುಲೈಸರ್, ಮನೆಯಲ್ಲಿ ನೀಲಿ ಬಣ್ಣದ ಆಸ್ತಾಲಿನ್ ಪಂಪು. ಹತ್ತು ವರ್ಷವಾದ ಮೇಲೆ ಕಡಿಮೆಯಾಯಿತು, ಹೋಯಿತೆಂದೇ ಎಲ್ಲರೂ ಅಂದುಕೊಂಡರು. ಇಲ್ಲಿಗೆ ಬಂದು ಶಾಲೆಗೆ ಸೇರಿಸುವಾಗ ಆರೋಗ್ಯದ ಫಾರಂನಲ್ಲಿ ಅಸ್ತಮಾ ಎಂಬಲ್ಲಿ 'ಇಲ್ಲ' ಎಂದು ಗುರುತು ಹಾಕಿದರು. 'ಹೆಣ್ಣುಮಗು, ಉಬ್ಬಸ ಅಂತ ಒಂದು ಸಲ ಕಾಗದದ ಮೇಲೆ ಬಂದರೆ ಹಣೆಪಟ್ಟಿ ಆಗುತ್ತೆ, ನಾಳೆ ಮದುವೆ ಮಾಡಬೇಕು ಅಂತ ನಮ್ಮತ್ತೆ ಹೇಳಿದ್ದರು. ಯಾರಿಗೂ ಹೇಳಬೇಡ ಅಂತ ಅವಳಿಗೂ ಹೇಳಿದ್ದೆ.' ಹುಡುಗಿ ಅದನ್ನೇ ಪಾಲಿಸಿದ್ದಳು. ಓಡಿದರೆ ಗುಟ್ಟು ರಟ್ಟಾಗುತ್ತದೆ, ಓಡದಿದ್ದರೆ ಗೈರು ಬೀಳುತ್ತದೆ. ಅವಳು ಗೈರನ್ನು ಆರಿಸಿಕೊಂಡಿದ್ದಳು.

ಇದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳುವಾಗ ಮದುವೆಯ ಭಾಗದಲ್ಲಿ ನಾನು ತಡವರಿಸಿದೆ. ಮೇಷ್ಟ್ರು ನಗಲಿಲ್ಲ. ನಮ್ಮ ತರಗತಿಯಲ್ಲಿ ಪಂಪು ಇಟ್ಟುಕೊಂಡಿರುವ ಮಕ್ಕಳು ನಾಲ್ಕು ಜನ, ಅವರಲ್ಲಿ ಇಬ್ಬರು ಕ್ರಾಸ್ ಕಂಟ್ರಿ ತಂಡದಲ್ಲಿದ್ದಾರೆ ಎಂದಷ್ಟೇ ಹೇಳಿದರು. ಆ ತಾಯಿಗೆ ನಾನು ಏನು ಹೇಳಿದ್ದರೂ ಅಷ್ಟು ನಾಟುತ್ತಿರಲಿಲ್ಲ.

ಡಾಕ್ಟರು ಹೇಳಿದ್ದನ್ನು ತಾಯಿ ನನಗೆ ಆಮೇಲೆ ತಿಳಿಸಿದರು. ಓಡುವಾಗ ಬಾಯಿಂದ ಎಳೆದುಕೊಳ್ಳುವ ಒಣ, ತಂಪು ಗಾಳಿ ಶ್ವಾಸನಾಳವನ್ನು ಒಣಗಿಸುತ್ತದೆ, ಅದರಿಂದ ಕೆಲವರ ಶ್ವಾಸನಾಳ ಬಿಗಿಯುತ್ತದೆ. ನಿಂತ ಮೇಲೆ ಐದರಿಂದ ಹದಿನೈದು ನಿಮಿಷದ ಒಳಗೆ ಅದು ಜೋರಾಗಿ, ಅರ್ಧ ಒಂದು ಗಂಟೆಯಲ್ಲಿ ತಾನಾಗಿ ಇಳಿಯುತ್ತದೆ. ಹಾಗಾಗಿ ಮನೆಗೆ ಬರುವ ಹೊತ್ತಿಗೆ ಏನೂ ಇರುವುದಿಲ್ಲ, ತಾಯಿಗೆ ಕಾಣುವುದೂ ಇಲ್ಲ. ವಾಲಿಬಾಲ್‌ನಂತೆ ಬಿಟ್ಟು ಬಿಟ್ಟು ಓಡುವ ಆಟದಲ್ಲಿ ಅಷ್ಟು ಕಾಡುವುದಿಲ್ಲ, ಒಂದೇ ಸಮನೆ ಎಂಟು ಹತ್ತು ನಿಮಿಷ ಓಡಿದರೆ ಕಾಡುತ್ತದೆ. ಬರೆದುಕೊಟ್ಟ ಮದ್ದು ಆಲ್ಬ್ಯುಟೆರಾಲ್, ಓಟಕ್ಕೆ ಹದಿನೈದು ನಿಮಿಷ ಮೊದಲು. ಹೊಸ ಮದ್ದು ಎಂದು ತಾಯಿ ಹೆದರಿದ್ದರು. ಊರಿನಲ್ಲಿ ಸಾಲ್ಬುಟಮಾಲ್ ಎಂದು ಕರೆಯುವುದೂ ಇದೇ, ಆಸ್ತಾಲಿನ್ ಒಳಗೆ ಇದ್ದದ್ದೂ ಇದೇ ಎಂದು ಔಷಧದಂಗಡಿಯವರು ಹೇಳಿದ ಮೇಲೆ ಧೈರ್ಯ ಬಂತಂತೆ.

ಶಾಲೆಯ ಕಡೆ ಮೂರು ಕಾಗದ ಬೇಕಾದವು. ಮದ್ದಿನ ಹೆಸರು, ಪ್ರಮಾಣ, ಯಾವಾಗ ಎಂಬುದನ್ನು ಬರೆದ ಡಾಕ್ಟರ ಚೀಟಿ. ಪಂಪನ್ನು ಹುಡುಗಿ ತನ್ನ ಹತ್ತಿರವೇ ಇಟ್ಟುಕೊಂಡು ತಾನೇ ಬಳಸಬಹುದು ಎಂದು ತಾಯಿಯ ಒಪ್ಪಿಗೆ. ಮತ್ತೆ ತಿದ್ದಿದ ಆರೋಗ್ಯದ ಫಾರಂ. ಎರಡನೆಯದು ಮುಖ್ಯ. ಅದಿಲ್ಲದಿದ್ದರೆ ಪಂಪು ಆಫೀಸಿನ ಬೀರುವಿನಲ್ಲಿ ಇರುತ್ತದೆ, ಟ್ರ್ಯಾಕ್ ಆಫೀಸಿನಿಂದ ಆರು ನಿಮಿಷದ ನಡಿಗೆ, ನಮ್ಮ ನರ್ಸ್ ವಾರದಲ್ಲಿ ಎರಡೇ ದಿನ ಇರುವುದು. ಮೇಷ್ಟ್ರು ತಮ್ಮ ಕಡೆಯಿಂದ ಓಟಕ್ಕೆ ಮೊದಲು ಹತ್ತು ನಿಮಿಷ ಬಿಸಿಯಾಗುವ ವ್ಯಾಯಾಮವನ್ನು ಇಡೀ ತರಗತಿಗೇ ಮಾಡಿಸಿದರು, ಇವಳೊಬ್ಬಳಿಗೆ ಅಲ್ಲ. ಕೆಮ್ಮು ಬಂದರೆ ಕೇಳದೆ ನಡೆಯಬಹುದು ಎಂದರು.

ಎಲ್ಲವೂ ಸರಿಹೋಯಿತು ಎಂದಲ್ಲ. ಆ ಆರು ಗೈರುಗಳನ್ನು ತೆಗೆದುಹಾಕಲು ತಾಯಿ ಬಹಳ ಕೇಳಿಕೊಂಡರು. ಆ ದಿನ ಕಾಯಿಲೆ ಎಂದು ಡಾಕ್ಟರು ಬರೆದಿರಲಿಲ್ಲ, ಹುಡುಗಿ ಶಾಲೆಯಲ್ಲೇ ಇದ್ದಳು. ಅವು ಹಾಗೇ ಉಳಿದವು, ಮೊದಲ ನೋಟಿಸೂ ಫೈಲಿನಲ್ಲಿ ಉಳಿಯಿತು. ಆದರೆ ಗ್ರೇಡ್ ಬೇರೆ ಮಾತು. ಊಟದ ವೇಳೆಯಲ್ಲಿ ಆರು ದಿನ ಒಂದೊಂದು ಮೈಲಿ ನಡೆದು ಅವಳು ತಪ್ಪಿದ್ದನ್ನು ತುಂಬಿದಳು. ಡಲ್ಲಾಸಿಗೆ ನಾನೇ ಫೋನ್ ಮಾಡಿದೆ. ತಂದೆ ಮೊದಲ ಐದು ನಿಮಿಷ ಶಾಲೆಯನ್ನೂ ಹೆಂಡತಿಯನ್ನೂ ಬೈದರು, ಆಮೇಲೆ ಗ್ರೇಡ್ ಎಷ್ಟಕ್ಕೆ ಬರುತ್ತದೆ ಎಂದು ಕೇಳಿದರು. ಡಿಸೆಂಬರಿನ ಟಿಕೆಟ್ಟಿನ ಮಾತು ಮತ್ತೆ ಬರಲಿಲ್ಲ ಎಂದು ತಾಯಿ ಹೇಳಿದರು.

ನವೆಂಬರಿನ ಮೊದಲ ಓಟದಲ್ಲಿ ಅವಳು ಎರಡು ಸುತ್ತು ಓಡಿ ಎರಡು ಸುತ್ತು ನಡೆದಳು. ಸಮಯ 15 ನಿಮಿಷದ ಮೇಲೆ, ಕೆಮ್ಮಿಲ್ಲ. ಪಂಪನ್ನು ಲಾಕರ್ ರೂಮಿನಲ್ಲಿ ಬಚ್ಚಿಟ್ಟುಕೊಂಡು ಎಳೆದುಕೊಳ್ಳುತ್ತಿದ್ದವಳು ಫೆಬ್ರವರಿಯ ಹೊತ್ತಿಗೆ ಟ್ರ್ಯಾಕಿನ ಪಕ್ಕದಲ್ಲೇ ಎಳೆದುಕೊಳ್ಳುತ್ತಿದ್ದಾಳೆ ಎಂದು ಮೇಷ್ಟ್ರು ಹೇಳಿದರು. ಅದೇ ತಿಂಗಳು ಒಂದು ದಿನ ಅವಳು ಮತ್ತೆ ಓಟಕ್ಕೆ ಬರಲಿಲ್ಲ. ಆದರೆ ಆ ಬೆಳಿಗ್ಗೆ ಹಾಜರಿ ಕೋಣೆಯ ಕಿಟಕಿಯಲ್ಲಿ ಒಂದು ಚೀಟಿ ಬಂದಿತ್ತು, ತಾಯಿಯ ಕೈಬರಹ, ಇಂಗ್ಲಿಷಿನಲ್ಲಿ. ನಿನ್ನೆ ರಾತ್ರಿಯಿಂದ ಮಗಳಿಗೆ ನೆಗಡಿ ಕೆಮ್ಮು, ಅವಳಿಗೆ ಅಸ್ತಮಾ ಇದೆ, ಇವತ್ತು ಓಡಿಸಬೇಡಿ, ಕೂತು ಸ್ಕೋರ್ ಬರೆಯಲಿ ಎಂದಿತ್ತು. ಕಾಗುಣಿತದ ಎರಡು ತಪ್ಪಿದ್ದವು. ಅದಕ್ಕೊಂದು ಪ್ರತಿ ತೆಗೆದು ಮೇಷ್ಟ್ರ ಪೆಟ್ಟಿಗೆಗೆ ಹಾಕಿ, ಮೂಲವನ್ನು ಅವಳ ಫೈಲಿಗೆ ಸೇರಿಸಿದೆ.